ಟಕ್ ಎಂದ ಬಾಗಿಲು: ಕೋಣೆಯ ರೀಲ್‌ಗೆ ಸ್ಕ್ರಿಪ್ಟ್ ಯಾವಾಗ ಬರೆಯಬೇಕು

ಕಳೆದ ವಾರವೂ ಅದೇ ಕರೆ. "ಅಕ್ಕ, ಉಪ್ಪಳದ ಮನೆಯ ಕೆಲಸ ಮುಗಿಯಿತು. ನಾಳೆ ಬಂದು ಒಂದು ರೀಲ್ ಮಾಡಿ ಕೊಡ್ತೀರಾ? ಹಳೆ ಕೋಣೆ ಹೊಸತಾದದ್ದು ತೋರಿಸಬೇಕು." ಹಳೆ ಕೋಣೆಯ ವಿಡಿಯೋ ಇದೆಯಾ ಎಂದು ಕೇಳಿದೆ. "ಎರಡು ಫೋಟೋ ಇದೆ, ವಾಟ್ಸಾಪಿಗೆ ಹಾಕ್ತೇನೆ" ಎಂದರು. ಒಂದು ಫೋಟೋ ಮೂಲೆಯ ತೇವ ತೋರಿಸಲು ತೆಗೆದದ್ದು. ಇನ್ನೊಂದರಲ್ಲಿ ಸ್ವಿಚ್ ಬೋರ್ಡ್ ಬಿಟ್ಟರೆ ಬೇರೇನೂ ಇಲ್ಲ.

ಕಾಸರಗೋಡಿನ ಸುತ್ತಮುತ್ತ ಸಣ್ಣ ಮಟ್ಟದಲ್ಲಿ ಇಂಟೀರಿಯರ್ ಕೆಲಸ ಮಾಡುವ ಹುಡುಗ ಹುಡುಗಿಯರಿಗೆ ನಾನು ರೀಲ್ ಬರೆದು ಚಿತ್ರಿಸಿ ಕೊಡುತ್ತೇನೆ. ಅವರ ಕೈಚಳಕದ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಈ ಒಂದು ವಿಷಯದಲ್ಲಿ ತಾಳ್ಮೆ ಕೆಡುತ್ತದೆ. ಮುಗಿದ ಕೋಣೆಯನ್ನು ಹತ್ತು ಸಲ ಚಿತ್ರಿಸಬಹುದು. ಹಳೆ ಕೋಣೆಯನ್ನು ಮಂಚ ಎತ್ತಿದ ಮೇಲೆ ಮತ್ತೆ ಚಿತ್ರಿಸಲು ಆಗುವುದಿಲ್ಲ. ಹಾಗಾಗಿ ಸ್ಕ್ರಿಪ್ಟ್ ಬರೆಯಬೇಕಾದದ್ದು ಕೆಲಸ ಶುರುವಾಗುವ ಮೊದಲು. ಕೊನೆಯ ಶಾಟ್ ಯಾವುದು ಎಂಬುದು ಮೊದಲ ದಿನವೇ ತೀರ್ಮಾನ ಆಗಿರಬೇಕು, ಯಾಕೆಂದರೆ ಮೊದಲ ಶಾಟನ್ನು ಅದೇ ಜಾಗದಲ್ಲಿ ನಿಂತು ತೆಗೆಯಬೇಕು.

ಇದನ್ನು ಹೇಳಿದರೆ "ಸರಿ ಅಕ್ಕ, ಮೊದಲೂ ಒಂದು ವಿಡಿಯೋ ತೆಗೀತೇವೆ" ಅನ್ನುತ್ತಾರೆ. ಆಮೇಲೆ ಕೋಣೆಯ ನಡುವೆ ನಿಂತು ಫೋನನ್ನು ಸುತ್ತ ತಿರುಗಿಸಿ ಕಳಿಸುತ್ತಾರೆ. ಅದು ನನಗೆ ಉಪಯೋಗಕ್ಕೆ ಬರುವುದಿಲ್ಲ. ನೋಡುವವರಿಗೆ ಹಳೆಯದೂ ಹೊಸದೂ ಒಂದೇ ಕೋಣೆ ಎಂದು ಗೊತ್ತಾಗಬೇಕು ಅಲ್ವಾ? ಬಣ್ಣ, ಮಂಚ, ದೀಪ, ಪರದೆ ಎಲ್ಲ ಬದಲಾದ ಮೇಲೆ ಗುರುತಿಗೆ ಏನು ಉಳಿಯುತ್ತದೆ? ಎರಡೂ ಶಾಟಿನಲ್ಲಿ ಬದಲಾಗದ ಒಂದು ವಸ್ತು ಒಂದೇ ಜಾಗದಲ್ಲಿ, ಒಂದೇ ಗಾತ್ರದಲ್ಲಿ ಕಾಣಬೇಕು. ಕಿಟಕಿಯ ಸರಳು, ಮುಚ್ಚಿಗೆಯ ಅಡ್ಡ, ಬಾಗಿಲಿನ ದಾರಂದ, ಯಾವುದಾದರೂ ಆದೀತು. ಅದಿಲ್ಲದಿದ್ದರೆ ಜನ ಬೇರೆ ಯಾವುದೋ ಮನೆಯ ಕೋಣೆ ಎಂದುಕೊಂಡು ಮುಂದೆ ಹೋಗುತ್ತಾರೆ.

ನೀರ್ಚಾಲಿನ ಹತ್ತಿರದ ಒಂದು ಮನೆಯ ಉದಾಹರಣೆ ಹೇಳುತ್ತೇನೆ. ಹಳೆಯ ಹಂಚಿನ ಮನೆ, ಮುರಕಲ್ಲಿನ ಗೋಡೆ, ಕಾವಿ ನೆಲ. ಚಾವಡಿಯಿಂದ ಒಳಗೆ ಹೋಗುವ ಒಂದು ಕೋಣೆ, ಉದ್ದ 10 ಅಡಿ, ಅಗಲ 9 ಅಡಿ. ಬಾಗಿಲು ಪಡು ಗೋಡೆಯ ತೆಂಕು ಮೂಲೆಯಲ್ಲಿ, ಕಿಟಕಿ ಎದುರಿನ ಮೂಡು ಗೋಡೆಯಲ್ಲಿ. ಕಿಟಕಿಯ ಅರ್ಧ ಮುಚ್ಚಿಕೊಂಡು ಕಬ್ಬಿಣದ ಕಪಾಟು ನಿಂತಿತ್ತು. ಡಿಸೈನರ್ ಹುಡುಗಿ ನನ್ನನ್ನು ಕೆಲಸಕ್ಕೆ ನಾಲ್ಕು ದಿನ ಮೊದಲೇ ಕರೆದಿದ್ದಳು.

ಹೋಗಿ ಬಾಗಿಲು ನೂಕಿದೆ. ಟಕ್ ಎಂದು ಮಂಚಕ್ಕೆ ಬಡಿದು ನಿಂತಿತು. ಮನೆಯ ಅಮ್ಮ ಒಳಗಿಂದ "ಅದು ಹಾಗೆಯೇ, ಓರೆಯಾಗಿ ಬನ್ನಿ" ಅಂದರು. ಸ್ಕ್ರಿಪ್ಟ್ ಅಲ್ಲಿಯೇ ಸಿಕ್ಕಿತು. ಈ ಕೋಣೆಯ ಕಷ್ಟ ಹಳೆ ಬಣ್ಣವಲ್ಲ, ಅರ್ಧ ತೆರೆಯುವ ಬಾಗಿಲು. ಹಾಗಾದರೆ ಕೊನೆಯಲ್ಲಿ ತೋರಿಸಬೇಕಾದದ್ದೂ ಅದೇ, ಪೂರ್ತಿ ತೆರೆದ ಬಾಗಿಲು.

ಲೆಕ್ಕ ಸುಲಭ. ಪಡು ಗೋಡೆಯಿಂದ ಮೂಡು ಗೋಡೆಗೆ 10 ಅಡಿ. ಮೂಡು ಗೋಡೆಗೆ ಒತ್ತಿದ ಕಪಾಟಿನ ಆಳ ಒಂದೂವರೆ ಅಡಿ. ಅದರ ಬಾಗಿಲು ತೆರೆಯಲು ಮತ್ತೆ ಒಂದೂವರೆ. ಆಮೇಲೆ 5 ಅಡಿ ಅಗಲದ ಮಂಚ. ಒಟ್ಟು 8 ಅಡಿ ಹೋಯಿತು, ಉಳಿದದ್ದು 2. ಕೋಣೆಯ ಬಾಗಿಲಿನ ಅಗಲ 33 ಇಂಚು, ಅಂದರೆ 2 ಮುಕ್ಕಾಲು ಅಡಿ. ತೆರೆಯುವುದು ಹೇಗೆ? ಹುಡುಗಿ ಕಪಾಟನ್ನು ತೆಗೆಸಿ, ಮಂಚವನ್ನು ಕಿಟಕಿಯ ಗೋಡೆಗೆ ಒತ್ತಿ, ಬಾಗಿಲಿನ ಪಕ್ಕದ ಗೋಡೆಗೆ 2 ಅಡಿ ಆಳದ ಸ್ಲೈಡಿಂಗ್ ವಾರ್ಡ್‌ರೋಬ್ ಹಾಕಿದಳು. ಮಂಚಕ್ಕೂ ವಾರ್ಡ್‌ರೋಬಿಗೂ ನಡುವೆ 3 ಅಡಿ ದಾರಿ, ಬಾಗಿಲಿಗೆ ಬೇಕಾದಷ್ಟು ಜಾಗ. ಮಂಚ ಗೋಡೆಗೆ ಒತ್ತಿದ್ದರಿಂದ ಒಳಬದಿಯಲ್ಲಿ ಮಲಗುವವರು ಇನ್ನೊಬ್ಬರನ್ನು ದಾಟಿ ಇಳಿಯಬೇಕು. ಅದನ್ನು ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿದ್ದಳು.

ಇನ್ನು ಸ್ಕ್ರಿಪ್ಟ್. ಒಟ್ಟು 34 ಸೆಕೆಂಡ್. ಮೊದಲ 3 ಸೆಕೆಂಡ್, ಚಾವಡಿಯಲ್ಲಿ ಫೋನ್, ಅಮ್ಮನ ಕೈ ಬಾಗಿಲು ನೂಕುತ್ತದೆ, ಟಕ್. ಮೇಲೆ ಒಂದೇ ಸಾಲು: "ಬಾಗಿಲು ತೆರೆಯುತ್ತಿದ್ದದ್ದು ಇಷ್ಟೇ." ಸಂಗೀತ ಇಲ್ಲ, ಆ ಶಬ್ದ ಕೇಳಬೇಕು. ಮುಂದಿನ 7 ಸೆಕೆಂಡ್ ಕಚ್ಚಾ ಪ್ಲಾನ್. ಕಂಪ್ಯೂಟರಿನಲ್ಲಿ ಮಾಡಿದ ಚಂದದ ಚಿತ್ರ ಬೇಡ ಅಂದೆ. ಗೆರೆ ಕಾಗದದ ಮೇಲೆ ಪೆನ್ಸಿಲಿನಲ್ಲಿ ಅವಳು ಬಾಗಿಲು ತಿರುಗುವ ಕಮಾನನ್ನು ಎಳೆಯುತ್ತಾಳೆ, ಕಮಾನು ಮಂಚದ ಗೆರೆಯನ್ನು ದಾಟುತ್ತದೆ, ಪೆನ್ಸಿಲ್ ಅಲ್ಲಿ ನಿಲ್ಲುತ್ತದೆ. ಮೇಲೆ ಹೇಳಿದ ಲೆಕ್ಕವನ್ನು ಅವಳೇ ಎರಡು ವಾಕ್ಯದಲ್ಲಿ ಹೇಳುತ್ತಾಳೆ. ಪ್ಲಾನ್ ಓದಲು ಬಾರದವರಿಗೂ ಆ ನಿಂತ ಪೆನ್ಸಿಲ್ ಅರ್ಥವಾಗುತ್ತದೆ.

ಮುಂದಿನ 5 ಸೆಕೆಂಡ್, ಖಾಲಿ ಕೋಣೆ. ಕಾವಿ ನೆಲದ ಮೇಲೆ ಬಿಳಿ ಟೇಪಿನಲ್ಲಿ ಹೊಸ ಮಂಚ, ವಾರ್ಡ್‌ರೋಬಿನ ಅಂಚು ಅಂಟಿಸಿದೆವು. ಅಮ್ಮ ಎರಡು ಟೇಪಿನ ನಡುವೆ ನಡೆದು ನೋಡಿದರು. ಕಾಗದದ ಗೆರೆ ಕೋಣೆಗೆ ಇಳಿಯುವುದು ಇಲ್ಲಿಯೇ. ಈ ಶಾಟ್ ಬಿಟ್ಟುಹೋದರೆ ಪ್ಲಾನಿಗೂ ಮುಗಿದ ಕೋಣೆಗೂ ಸಂಬಂಧವೇ ಕಾಣುವುದಿಲ್ಲ. ಆಮೇಲೆ 6 ಸೆಕೆಂಡ್ ಕೆಲಸದ ತುಣುಕುಗಳು, ನಾಲ್ಕೇ. ಬಡಗಿ ಅಳತೆ ಹೇಳಿದ್ದು ಮಲಯಾಳದಲ್ಲಿ, ಅದನ್ನು ಹಾಗೆಯೇ ಬಿಟ್ಟೆ. ಇಲ್ಲಿ ಕೆಲಸ ನಡೆಯುವುದೇ ಮೂರು ಭಾಷೆಯಲ್ಲಿ.

ನಂತರ ಮತ್ತೆ ಚಾವಡಿ, ಅದೇ ಬಾಗಿಲು, 5 ಸೆಕೆಂಡ್. ಮಾತಿಲ್ಲ, ಬರಹವಿಲ್ಲ. ವಾರ್ಡ್‌ರೋಬ್ ಬಾಗಿಲಿನ ಗೋಡೆಯಲ್ಲೇ ಇರುವುದರಿಂದ ಈ ಫ್ರೇಮಿಗೆ ಬರುವುದಿಲ್ಲ. ಅದಕ್ಕೆ ಕಿಟಕಿಯ ಪಕ್ಕದಿಂದ 4 ಸೆಕೆಂಡಿನ ಬೇರೆ ಶಾಟ್. ಕೊನೆಗೆ ಸಂಜೆ ದೀಪ ಹಾಕಿ 4 ಸೆಕೆಂಡ್.

ಮಾತು ಜಾಸ್ತಿ ಬರೆಯಬೇಡಿ. ನಿಧಾನವಾಗಿ, ಅರ್ಥವಾಗುವಂತೆ ಮಾತಾಡಿದರೆ ಸೆಕೆಂಡಿಗೆ ಎರಡು ಪದ ಎಂದು ನಾನು ಲೆಕ್ಕ ಹಿಡಿಯುತ್ತೇನೆ. 7 ಸೆಕೆಂಡಿಗೆ 14 ಪದ. ಗಡಿಯಾರ ಎದುರಿಟ್ಟು ಗಟ್ಟಿಯಾಗಿ ಓದಿ ನೋಡಿ. ಬರಹವನ್ನು ಪರದೆಯ ಕೆಳಭಾಗಕ್ಕೂ ಬಲ ಅಂಚಿಗೂ ಹಾಕಬಾರದು, ಅಲ್ಲಿ ಖಾತೆಯ ಹೆಸರು, ಬಟನ್ ಎಲ್ಲ ಬಂದು ಮುಚ್ಚುತ್ತವೆ.

ಈಗ ನನ್ನ ಮುಖ್ಯ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ತಪ್ಪುವುದು ಇಲ್ಲಿಯೇ. ಎರಡು ಬಾಗಿಲಿನ ಶಾಟ್ ನಡುವೆ ಎರಡು ತಿಂಗಳ ಅಂತರ ಇತ್ತು. ಒಂದೇ ಜಾಗ ಎಂದು ಹೇಗೆ ಖಾತ್ರಿ ಮಾಡುವುದು? ಮೊದಲೆಲ್ಲ ನೆಲಕ್ಕೆ ಉಗುರುಬಣ್ಣದ ಚುಕ್ಕಿ ಇಡುತ್ತಿದ್ದೆ. ಒಂದು ಮನೆಯಲ್ಲಿ ಪೇಂಟಿಂಗ್ ಮುಗಿದ ಮೇಲೆ ನೆಲ ಉಜ್ಜಿದಾಗ ಅದೂ ಹೋಯಿತು. ಈಗ ಅಳತೆ ಬರೆದಿಡುತ್ತೇನೆ: ಹೊಸ್ತಿಲಿನಿಂದ ಹಿಂದಕ್ಕೆ 2 ಅಡಿ, ಎಡ ದಾರಂದದಿಂದ 1 ಅಡಿ, ನೆಲದಿಂದ ಲೆನ್ಸಿನ ತನಕ 4 ಅಡಿ, ಲೆನ್ಸ್ 1x. ಎರಡನೇ ಸಲ ಹೋಗುವಾಗ ಹಳೆ ಶಾಟಿನ ಒಂದು ಚಿತ್ರವನ್ನು ಇನ್ನೊಂದು ಫೋನಿನಲ್ಲಿ ತೆರೆದು ಪಕ್ಕದಲ್ಲಿ ಹಿಡಿಯುತ್ತೇನೆ. ಕಿಟಕಿಯ ಮೇಲಿನ ಎಡ ಮೂಲೆ ಮತ್ತು ಮುಚ್ಚಿಗೆಯ ಮೊದಲ ಅಡ್ಡ, ಈ ಎರಡು ಕೂಡಿ ಬಂದರೆ ಸಾಕು. ಮೂಲೆ ಕೂಡಿ ಅಡ್ಡ ಕೂಡದಿದ್ದರೆ ಫೋನಿನ ಎತ್ತರವೋ ದೂರವೋ ತಪ್ಪಿದೆ ಎಂದು ತಿಳಿಯಬೇಕು.

1x ಎಂದು ಒತ್ತಿ ಹೇಳಲು ಕಾರಣವಿದೆ. 0.5x ಹಾಕಿದರೆ 10 ಅಡಿಯ ಕೋಣೆ ಹಾಲ್ ತರಹ ಕಾಣುತ್ತದೆ, ಅಂಚಿನ ವಸ್ತುಗಳು ಎಳೆದಂತೆ ಆಗುತ್ತವೆ. ಹಳೆಯದನ್ನು 1x, ಹೊಸದನ್ನು 0.5x ತೆಗೆದರೆ ಕೋಣೆ ದೊಡ್ಡದಾದದ್ದು ಡಿಸೈನಿನಿಂದಲೋ ಲೆನ್ಸಿನಿಂದಲೋ? ಹಾಗೆ ಮಾಡಿದ ಒಬ್ಬರ ಬಳಿ ರೀಲ್ ನೋಡಿ ಬಂದ ಮನೆಯವರು "ನಮಗೂ ಅಷ್ಟೇ ದೊಡ್ಡದು ಕಾಣಬೇಕು" ಎಂದು ಹಟ ಹಿಡಿದು, ಕೊನೆಗೆ ಹಣ ಕೊಡುವಾಗ ಜಗಳವಾಯಿತು.

ಬೆಳಕಿನಲ್ಲೂ ಅಷ್ಟೇ. ಹಳೆಯ ಕೋಣೆಯನ್ನು ಕಿಟಕಿ ಮುಚ್ಚಿ ಕತ್ತಲಲ್ಲಿ ತೆಗೆದು, ಹೊಸದಕ್ಕೆ ಎಲ್ಲ ದೀಪ ಹಾಕುವವರಿದ್ದಾರೆ. ನೋಡುವವರಿಗೆ ಅದು ತಿಳಿಯುತ್ತದೆ. ನೀರ್ಚಾಲಿನಲ್ಲಿ ಎರಡು ಸಲವೂ ಮಧ್ಯಾಹ್ನ 3 ಗಂಟೆಗೆ, ದೀಪ ಆರಿಸಿ ತೆಗೆದೆವು. ಕಿಟಕಿ ಮೂಡು ದಿಕ್ಕಿಗೆ ಇದ್ದದ್ದರಿಂದ ಬೆಳಿಗ್ಗೆ ನೇರ ಬಿಸಿಲು ಬಂದು ಕಿಟಕಿ ಬರೀ ಬಿಳಿ ಆಗುತ್ತಿತ್ತು. ಪರದೆಯ ಮೇಲೆ ಮಂಚದ ಜಾಗವನ್ನು ಒತ್ತಿ ಹಿಡಿದು ಫೋಕಸ್, ಬೆಳಕು ಎರಡನ್ನೂ ಲಾಕ್ ಮಾಡಿದೆ. ಇಲ್ಲದಿದ್ದರೆ ಬಾಗಿಲು ತೆರೆಯುವಾಗ ಚಿತ್ರ ಒಮ್ಮೆ ಕಪ್ಪು, ಒಮ್ಮೆ ಬೆಳ್ಳಗೆ ಹಾರುತ್ತದೆ. ಸಂಜೆಯ ದೀಪದ ಶಾಟಿನಲ್ಲಿ ಮಾತ್ರ ಪಟ್ಟೆಗಳು ಓಡಿದವು. ನಮ್ಮ ಕರೆಂಟು 50 ಹರ್ಟ್ಜ್, ಫೋನ್ ಸೆಕೆಂಡಿಗೆ 30 ಫ್ರೇಮಿನಲ್ಲಿತ್ತು. 25 ಫ್ರೇಮಿಗೆ ಹಾಕಿ, ಶಟರ್ 1/50 ಇಟ್ಟ ಮೇಲೆ ಹೋಯಿತು. ಅಗ್ಗದ ಎಲ್‌ಇಡಿ ಕೆಲವಕ್ಕೆ ಇದರಿಂದಲೂ ಪೂರ್ತಿ ಸರಿಯಾಗದೆ ಇರಬಹುದು, ಮೊದಲೇ ಒಂದು ತುಣುಕು ತೆಗೆದು ನೋಡುವುದು ಒಳ್ಳೆಯದು.

ಇನ್ನೊಂದು ತೊಂದರೆ ಮನೆಯವರ ಸಂಕೋಚ. ನಾವು ಬರುತ್ತೇವೆ ಎಂದು ತಿಳಿದು ಅಮ್ಮ ಹಿಂದಿನ ದಿನವೇ ಕೋಣೆ ಗುಡಿಸಿ, ಮಂಚವನ್ನು ಸ್ವಲ್ಪ ಜರುಗಿಸಿ ಇಡಲು ಹೊರಟಿದ್ದರು. "ಛೆ, ಊರವರಿಗೆಲ್ಲ ಈ ಅವಸ್ಥೆ ತೋರಿಸುವುದಾ?" ಅಂತ. ಅವರ ಮಾತು ಸರಿಯೇ. ನಾನು ಮೊದಲ ಶಾಟನ್ನು ಅವರಿಗೆ ತೋರಿಸಿ, ಒಪ್ಪಿದ ಮೇಲೆಯೇ ಇಟ್ಟುಕೊಂಡೆ. ಔಷಧದ ಡಬ್ಬಿ, ದೇವರ ಪಟ, ಮಕ್ಕಳ ಫೋಟೋ, ಕಾಗದಪತ್ರ ಇವನ್ನು ತೆಗೆದಿಟ್ಟೆವು. ಮಂಚ, ಕಪಾಟು, ಬಾಗಿಲು ಇದ್ದಲ್ಲೇ ಇದ್ದವು.

ಡಿಸೆಂಬರಿನಲ್ಲಿ ಬಾಗಿಲಿನ ಎರಡನೇ ಶಾಟಿಗೆ ಅಮ್ಮನನ್ನೇ ಬಾಗಿಲು ನೂಕಲು ಕೇಳಿದೆ. ಅವರು ಬಾಗಿಲನ್ನು ಅರ್ಧ ನೂಕಿ, ಓರೆಯಾಗಿ ತಿರುಗಿ ಒಳಗೆ ಹೋದರು. ಅಷ್ಟು ವರ್ಷದ ಅಭ್ಯಾಸ. ಒಳಗೆ ನಿಂತು ಒಂದು ಕ್ಷಣ ಬಾಗಿಲನ್ನು ನೋಡಿದರು. ಹಿಂದೆ ಬಂದು ಇನ್ನೊಮ್ಮೆ ನೂಕಿದರು. ಬಾಗಿಲು ತೆಂಕು ಗೋಡೆಯ ತನಕ ಹೋಯಿತು, ಕಿಟಕಿ ಪೂರ್ತಿ ಕಂಡಿತು. ಸ್ಕ್ರಿಪ್ಟಿನಲ್ಲಿ 5 ಸೆಕೆಂಡ್ ಇದ್ದದ್ದನ್ನು 9 ಮಾಡಿ ಎರಡೂ ಸಲದ್ದನ್ನು ಇಟ್ಟೆ.