ನಿಮ್ಮಿಂದಲೇ ಆಗಬೇಕಾದ ಉದ್ಯಮ ನಿಮ್ಮ ಗೊಣಗಾಟದಲ್ಲಿ ಸಿಗುತ್ತದೆಯೇ?

ಓದುಗರ ಪ್ರಶ್ನೆ: ಸ್ವಂತದ್ದೇನಾದರೂ ಶುರು ಮಾಡಬೇಕೆಂಬ ಆಸೆ ಬಹಳ ದಿನದ್ದು. ಆದರೆ ಯಾವ ಐಡಿಯಾ ಹೊಳೆದರೂ ಅದನ್ನು ಆಗಲೇ ಹತ್ತು ಜನ ಮಾಡುತ್ತಿರುತ್ತಾರೆ. ‘ಹವ್ಯಾಸವನ್ನೇ ಉದ್ಯೋಗ ಮಾಡಿಕೊಳ್ಳಿ’ ಅನ್ನುತ್ತಾರೆ, ನನ್ನ ಹವ್ಯಾಸಕ್ಕೆ ಯಾರೂ ದುಡ್ಡು ಕೊಡುವ ಹಾಗೆ ಕಾಣುವುದಿಲ್ಲ. ನಾನೇ ಮಾಡಬೇಕಾದಂಥ, ಬೇರೆಯವರಿಗೆ ಸುಲಭಕ್ಕೆ ಒದಗದಂಥ ಐಡಿಯಾ ಹುಡುಕುವುದು ಹೇಗೆ?

ಉತ್ತರ: ನಿಮಗೆ ಸಿಕ್ಕ ಸಲಹೆಯಲ್ಲೇ ಒಂದು ತೊಡಕಿದೆ. ಹವ್ಯಾಸವನ್ನೇ ಮಾರಲು ಹೊರಟರೆ ಅದೇ ಹವ್ಯಾಸದ ಸಾವಿರಾರು ಜನ ನಿಮ್ಮ ಎದುರಾಳಿಗಳಾಗುತ್ತಾರೆ. ಅವರಲ್ಲಿ ಅರ್ಧ ಜನ ಖುಷಿಗೆ ಪುಕ್ಕಟೆಯಾಗಿ ಮಾಡಿಕೊಡುವವರು. ಹವ್ಯಾಸ ನಿಮಗೆ ಕಲಿಸಿದ ಕೈಕೆಲಸವನ್ನು, ಆ ಹವ್ಯಾಸಕ್ಕೆ ಸಂಬಂಧವೇ ಇಲ್ಲದ ಜಾಗದ ಒಂದು ದೂರಿಗೆ ಹಚ್ಚಿದಾಗ ಮಾತ್ರ ಎದುರಾಳಿಗಳು ಕಡಿಮೆಯಾಗುತ್ತಾರೆ. ಆ ದೂರೂ ಗೊತ್ತು, ಈ ಕೈಕೆಲಸವೂ ಗೊತ್ತು ಅನ್ನುವವರು ಬೆರಳೆಣಿಕೆಯಷ್ಟೇ ಇರುತ್ತಾರೆ.

ಇದಕ್ಕೆ ಹಳೆಯದಾದರೂ ಸ್ಪಷ್ಟವಾದ ಉದಾಹರಣೆ ಬೆಟ್ ನೆಸ್ಮಿತ್ ಗ್ರಹಾಂ. 1950ರ ದಶಕದ ಆರಂಭದಲ್ಲಿ ಆಕೆ ಅಮೆರಿಕದ ಡಲ್ಲಾಸ್‌ನ ಒಂದು ಬ್ಯಾಂಕಿನಲ್ಲಿ ಕಾರ್ಯದರ್ಶಿ. ಆಗ ಕಚೇರಿಗಳಿಗೆ ವಿದ್ಯುತ್ ಟೈಪ್‌ರೈಟರುಗಳು ಬರುತ್ತಿದ್ದವು. ಅವುಗಳ ಕಾರ್ಬನ್ ರಿಬ್ಬನ್‌ನ ಅಕ್ಷರವನ್ನು ರಬ್ಬರಿನಿಂದ ಅಳಿಸಲು ಹೋದರೆ ಕಾಗದವೆಲ್ಲ ಮಸಿಯಾಗುತ್ತಿತ್ತು. ಒಂದಕ್ಷರ ತಪ್ಪಿದರೆ ಇಡೀ ಪುಟ ಮತ್ತೆ ಹೊಡೆಯಬೇಕು. ಇದು ಪ್ರತಿಯೊಬ್ಬ ಟೈಪಿಸ್ಟ್‌ಳ ದೂರಾಗಿತ್ತು. ಗ್ರಹಾಂಗೆ ಚಿತ್ರಕಲೆಯ ಒಲವೂ ಇತ್ತು. ಕಲಾವಿದರು ಗೀಟು ತಪ್ಪಿದಾಗ ಅಳಿಸುವುದಿಲ್ಲ, ಮೇಲೆ ಇನ್ನೊಂದು ಪದರ ಬಣ್ಣ ಬಳಿಯುತ್ತಾರೆ. ಆಕೆ ಬಿಳಿಯ ಟೆಂಪೆರಾ ಬಣ್ಣವನ್ನು ಪುಟ್ಟ ಸೀಸೆಗೆ ತುಂಬಿ, ತೆಳು ಕುಂಚದ ಜೊತೆ ಕಚೇರಿಗೆ ಒಯ್ದರು. ಕೆಲವು ವರ್ಷ ಸದ್ದಿಲ್ಲದೆ ತಮ್ಮ ಪಾಡಿಗೆ ಬಳಸಿದರು. ಇತರ ಕಾರ್ಯದರ್ಶಿಗಳು ‘ನಮಗೂ ಕೊಡಿ’ ಎಂದು ಕೇಳತೊಡಗಿದ ಮೇಲೆ, 1956ರಲ್ಲಿ, ಮಾರಾಟ ಶುರುವಾಯಿತು. ಮುಂದೆ ‘ಲಿಕ್ವಿಡ್ ಪೇಪರ್’ ಎಂದು ಹೆಸರಾದ ಆ ಕಂಪನಿಯನ್ನು 1979ರಲ್ಲಿ ಜಿಲೆಟ್ 4.75 ಕೋಟಿ ಡಾಲರಿಗೆ ಕೊಂಡುಕೊಂಡಿತು.

ದೂರು ಸಾವಿರಾರು ಟೈಪಿಸ್ಟರದು, ಪರಿಹಾರ ಎಲ್ಲ ಚಿತ್ರಕಾರರಿಗೂ ಗೊತ್ತಿದ್ದದ್ದು. ಎರಡೂ ಒಬ್ಬರಲ್ಲೇ ಕೂಡಿದ್ದಷ್ಟೇ ವಿಶೇಷ. ಹಾಗಾಗಿ ನೀವು ಐಡಿಯಾ ಹುಡುಕುವುದನ್ನು ಸ್ವಲ್ಪ ದಿನ ಬಿಟ್ಟು ಮೂರು ಪಟ್ಟಿ ಬರೆಯಿರಿ: ದೂರು, ಹವ್ಯಾಸ, ಹಳಹಳಿಕೆ.

ದೂರಿನ ಪಟ್ಟಿ ಸುಲಭ ಅನ್ನಿಸುತ್ತದೆ, ಆದರೆ ಅದೇ ಕಷ್ಟ. ನಮ್ಮ ಗೊಣಗಾಟ ನಮ್ಮ ಕಿವಿಗೇ ಬೀಳುವುದಿಲ್ಲ. ಮನೆಯವರನ್ನೋ ಜೊತೆಗೆ ಕೆಲಸ ಮಾಡುವವರನ್ನೋ ‘ನಾನು ಯಾವುದರ ಬಗ್ಗೆ ಪದೇ ಪದೇ ಒದರಾಡ್ತೀನಿ?’ ಎಂದು ಕೇಳಿ. ಉತ್ತರ ಥಟ್ಟನೆ ಬರುತ್ತದೆ. ಫೋನಿನ ಹಳೆಯ ಮೆಸೇಜುಗಳಲ್ಲಿ ‘ಮತ್ತೆ ಅದೇ’, ‘ಸಾಕಾಯ್ತು’ ಥರದ ಮಾತುಗಳನ್ನು ಹುಡುಕಿದರೂ ಸಿಗುತ್ತವೆ. ನಂತರ ಒಂದು ತಿಂಗಳು, ದೂರು ಬಾಯಿಗೆ ಬಂದಾಗಲೆಲ್ಲ ಎರಡು ಸಾಲು ಬರೆದಿಡಿ. ಒಂದು, ಏನಾಯಿತು. ಇನ್ನೊಂದು, ಆಗ ನೀವು ಏನು ಮಾಡಿದಿರಿ. ಮುಖ್ಯವಾದದ್ದು ಎರಡನೆಯದು. ಅಲ್ಲಿ ‘ಏನೂ ಮಾಡಲಿಲ್ಲ, ಬೈದುಕೊಂಡೆ’ ಎಂದೇ ಇದ್ದರೆ ಆ ತೊಂದರೆಯನ್ನು ನೀವು ಸಹಿಸಬಲ್ಲಿರಿ, ಬೇರೆಯವರೂ ಸಹಿಸುತ್ತಾರೆ. ಪಿನ್ನು ಚುಚ್ಚಿದೆ, ದಾರ ಕಟ್ಟಿದೆ, ಕಾಗದ ಮಡಚಿ ತುರುಕಿದೆ ಎಂಬಂಥ ತಾತ್ಕಾಲಿಕ ಉಪಾಯ ಇದ್ದರೆ ಅಲ್ಲಿ ನಿಲ್ಲಿ. ಜನ ಸಮಯವನ್ನೋ ದುಡ್ಡನ್ನೋ ಆಗಲೇ ಖರ್ಚು ಮಾಡುತ್ತಿರುವ ಜಾಗ ಅದು.

ಹಳಹಳಿಕೆಯ ಪಟ್ಟಿ ಮಾಡಲು ಯಾರಿಗೂ ಇಷ್ಟವಿರುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಥಾಮಸ್ ಗಿಲೋವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1990ರ ದಶಕದಲ್ಲಿ ತೋರಿಸಿದ ಒಂದು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಕ್ಷಣಕ್ಕೆ ನಮ್ಮನ್ನು ಕಾಡುವುದು ಮಾಡಿದ ತಪ್ಪು. ವರ್ಷಗಳು ಕಳೆದಂತೆ ಹೆಚ್ಚು ಕಾಡುವುದು ಮಾಡದೆ ಬಿಟ್ಟದ್ದು. ಆದ್ದರಿಂದ ಕಳೆದ ತಿಂಗಳ ಪಶ್ಚಾತ್ತಾಪವನ್ನು ಪಟ್ಟಿಗೆ ಸೇರಿಸಬೇಡಿ. ಐದಾರು ವರ್ಷ ಕಳೆದರೂ ಚುಚ್ಚುತ್ತಲೇ ಇರುವ ‘ಅವತ್ತೇ ಮಾಡಬೇಕಿತ್ತು’ಗಳನ್ನಷ್ಟೇ ಬರೆಯಿರಿ. ಉದ್ಯಮ ಯಾವುದೆಂದು ಅವು ಹೇಳಲಾರವು. ಎರಡು ವರ್ಷ ಲಾಭ ಕಾಣದೆ ಹೋದರೂ ನೀವು ಯಾವ ಜನರ ಕೆಲಸವನ್ನು ಕೈಬಿಡುವುದಿಲ್ಲ ಎಂಬುದನ್ನು ಹೇಳುತ್ತವೆ.

ಹವ್ಯಾಸದ ಪಟ್ಟಿ ಬೇಗ ಮುಗಿಯುತ್ತದೆ. ಹವ್ಯಾಸದ ಹೆಸರು ಬರೆಯುವ ಬದಲು ಅದರಿಂದ ಕೈಗೆ ಬಂದ ವಿದ್ಯೆ ಬರೆಯಿರಿ, ಅಷ್ಟೇ.

ಈಗ ಮೂರನ್ನೂ ಕೂಡಿಸಲು ಒಂದು ಕಲ್ಪಿತ ಉದಾಹರಣೆ. ಒಬ್ಬ ಫಿಸಿಯೋಥೆರಪಿಸ್ಟ್ ಇದ್ದಾರೆ ಎಂದುಕೊಳ್ಳೋಣ. ಬಿಡುವಿನಲ್ಲಿ ಬಟ್ಟೆ ಹೊಲಿಯುತ್ತಾರೆ. ಅವರ ಹಳಹಳಿಕೆ: ಪಾರ್ಶ್ವವಾಯು ಆದ ಮೇಲೆ ತಂದೆ ಹೊರಗೆ ಹೋಗುವುದನ್ನೇ ನಿಲ್ಲಿಸಿದರು. ಕಾರಣ ಸುಸ್ತು ಎಂದುಕೊಂಡಿದ್ದರು. ಅಂಗಿ ಹಾಕಿಕೊಳ್ಳಲಾಗದ ನಾಚಿಕೆ ಎಂದು ಗೊತ್ತಾದದ್ದು ತೀರಾ ತಡವಾಗಿ. ಅವರ ದೂರು: ‘ರೋಗಿಗಳ ಅಂಗಿ ಬಿಚ್ಚಿಸುವುದರಲ್ಲೇ ನನ್ನ ಅರ್ಧ ಹೊತ್ತು ಹೋಗುತ್ತದೆ.’ ಎರಡನೆಯ ಸಾಲಿನಲ್ಲಿ ಅವರು ಬರೆದದ್ದು: ‘ಒಬ್ಬರ ತೋಳಿನ ಹೊಲಿಗೆ ಬಿಚ್ಚಿ ಸೇಫ್ಟಿ ಪಿನ್ ಹಾಕಿದೆ.’

ಒಂದು ಕೈಯಲ್ಲೇ ಧರಿಸಬಹುದಾದ ಅಂಗಿ ಎಂಬ ಐಡಿಯಾ ಇಲ್ಲಿ ತಾನಾಗಿ ಮೂಡುತ್ತದೆ. ‘ಅಂಥ ಬಟ್ಟೆ ಮಾರುವವರು ಆಗಲೇ ಇದ್ದಾರಲ್ಲ’ ಎಂದು ನೀವು ಕೇಳಬಹುದು. ಇದ್ದಾರೆ. ಆದರೆ ಇವರಿಗೆ ಗೊತ್ತಿರುವ ವಿವರಗಳನ್ನು ನೋಡಿ. ಬಟ್ಟೆ ಹಾಕುವಾಗ ಸೋತ ಕೈಗೆ ಮೊದಲು, ಬಿಚ್ಚುವಾಗ ಆ ಕೈಯಿಂದ ಕೊನೆಗೆ. ಹಾಗಾಗಿ ಎರಡೂ ತೋಳುಗಳನ್ನು ಒಂದೇ ಅಳತೆಗೆ ಕತ್ತರಿಸಬೇಕಿಲ್ಲ. ಸೋತ ತೋಳು ತೂರುವ ಕಡೆ ಅಗಲವಿರಬೇಕು, ಏಕೆಂದರೆ ಆ ಭುಜ ಎತ್ತಿದರೆ ನೋವು. ಇನ್ನೊಂದು ಸೂಕ್ಷ್ಮ ಹೊರಗಿನವರಿಗೆ ಹೊಳೆಯುವುದೇ ಇಲ್ಲ: ಸರಿಯಿರುವ ಕೈಯ ಮಣಿಕಟ್ಟಿನ ಗುಂಡಿಯೇ ಅತಿ ಕಷ್ಟದ್ದು. ಅದನ್ನು ಹಾಕಬೇಕಾದದ್ದು ಸೋತ ಕೈ! ಆ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹೊಲಿದರೆ ಗುಂಡಿ ಬಿಚ್ಚದೆಯೇ ಕೈ ತೂರಿಸಬಹುದು. ಎದೆಯ ಗುಂಡಿಗಳ ಬದಲು ವೆಲ್ಕ್ರೋ ಇಟ್ಟು, ಮೇಲೆ ತೋರಿಕೆಗೆ ಗುಂಡಿ ಹೊಲಿಯಬಹುದು, ಆದರೆ ತೆರೆದಿಟ್ಟು ಒಗೆದರೆ ವೆಲ್ಕ್ರೋಗೆ ನೂಲಿನ ಜುಂಗು ತುಂಬಿ ಹಿಡಿತ ಹೋಗುತ್ತದೆ. ಅಯಸ್ಕಾಂತದ ಗುಂಡಿ ಚೆನ್ನ, ಆದರೆ ಹೃದಯದ ಪೇಸ್‌ಮೇಕರ್ ಇರುವವರ ಎದೆಯ ಬಳಿ ಅಯಸ್ಕಾಂತ ಇರಕೂಡದು. ಚಿಕಿತ್ಸೆಯ ಅನುಭವ, ಹೊಲಿಗೆಯ ಅನುಭವ ಎರಡೂ ಇಲ್ಲದವರು ಇಷ್ಟನ್ನು ತಿಳಿಯಲು ವರ್ಷಗಳು ಬೇಕು. ‘ನೀವೇ ಮಾಡಬೇಕಾದ ಐಡಿಯಾ’ ಎಂದರೆ ಇಷ್ಟೇ: ಬೇರೆಯವರು ಇನ್ನು ಕಲಿಯಬೇಕಾದದ್ದನ್ನು ನೀವು ಆಗಲೇ ಕಲಿತಿದ್ದೀರಿ. ಕೊಳ್ಳುವವರಿದ್ದಾರೆ ಎಂಬ ಭರವಸೆ ಅದರಲ್ಲಿ ಇಲ್ಲ.

ಅದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ‘ಇಂಥ ಅಂಗಿ ಇದ್ದರೆ ಕೊಳ್ಳುತ್ತೀರಾ?’ ಎಂದು ಕೇಳಬೇಡಿ. ಮುಖ ನೋಡಿ ಎಲ್ಲರೂ ಹೂಂ ಅನ್ನುತ್ತಾರೆ. ನಡೆದುಹೋದದ್ದನ್ನು ಕೇಳಿ: ‘ಹಿಂದಿನ ಸಲ ಹೊರಗೆ ಹೋದಾಗ ಏನು ಹಾಕಿಕೊಂಡಿದ್ದಿರಿ? ಯಾರು ಹಾಕಿಸಿದರು? ಎಷ್ಟು ಹೊತ್ತು ಹಿಡಿಯಿತು?’ ಹೀಗೆ ಕೇಳಿದಾಗ ನಮ್ಮ ಫಿಸಿಯೋಥೆರಪಿಸ್ಟ್‌ಗೆ ಹೀಗೊಂದು ಉತ್ತರ ಸಿಗಬಹುದು: ಮನೆಯಲ್ಲಿ ದೊಡ್ಡ ಅಳತೆಯ ಟೀ ಶರ್ಟ್ ಸಾಕು, ಅಲ್ಲಿ ಹೊಸ ಅಂಗಿ ಯಾರಿಗೂ ಬೇಡ. ಸಮಾರಂಭಕ್ಕೆ ಹೋಗುವ ದಿನ ಮಾತ್ರ ಸಂಕಟ. ಆಗ ಮಾರಬೇಕಾದದ್ದು ದಿನಬಳಕೆಯ ಬಟ್ಟೆಯಲ್ಲ, ನೋಡಿದವರಿಗೆ ವ್ಯತ್ಯಾಸವೇ ತಿಳಿಯದ ಹೊರಗಿನ ಉಡುಪು. ದುಡ್ಡು ಕೊಡುವವರು ಮಗಳೋ ಮಗನೋ, ಹಾಗಾಗಿ ಪ್ರಶ್ನೆ ಅವರಿಗೂ ಹೋಗಬೇಕು. ಮೂರು ನಾಲ್ಕು ಅಂಗಿ ಹೊಲಿದು, ಮುಂಗಡ ಪಡೆದು ಕೊಡಿ. ಪುಕ್ಕಟೆ ಕೊಟ್ಟರೆ ಹೊಗಳಿಕೆ ಬರುತ್ತದೆ, ಮಾಹಿತಿ ಬರುವುದಿಲ್ಲ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ಹಳಹಳಿಕೆಯೇ ಲಗಾಮು ಹಿಡಿಯುವುದು. ನಮ್ಮ ಫಿಸಿಯೋಥೆರಪಿಸ್ಟ್ ಎದುರಿಗಿರುವ ಗಿರಾಕಿಗೆ ಹೊಲಿಯುವ ಬದಲು, ಈಗ ಇಲ್ಲದ ತಮ್ಮ ತಂದೆಗೆ ಹೊಲಿಯತೊಡಗುತ್ತಾರೆ. ಬಣ್ಣ, ಕಾಲರ್ ಎಲ್ಲ ಅವರಿಗೆ ಹಿಡಿಸುತ್ತಿದ್ದಂತೆ. ಇದನ್ನು ಪತ್ತೆ ಹಚ್ಚುವುದು ಸುಲಭ: ಯಾರಾದರೂ ‘ಇದು ಬೇಡ’ ಎಂದಾಗ ‘ಯಾಕೆ?’ ಎಂದು ಕೇಳುವ ಮೊದಲೇ ಮನಸ್ಸಿಗೆ ನೋವಾದರೆ, ಬೇಡಿಕೆಯನ್ನು ಅಳೆಯುವ ಕೆಲಸ ಬೇರೊಬ್ಬರಿಗೆ ವಹಿಸಿ.

ಎರಡನೆಯದು ಯಾರೂ ಹೇಳದ ಸಂಗತಿ. ದೂರು ಸಿಕ್ಕ ಜಾಗದಲ್ಲೇ ಮಾರಲು ಹೋಗಬೇಡಿ. ಚಿಕಿತ್ಸೆ ಕೊಡುವವರು ತಮ್ಮದೇ ರೋಗಿಗೆ ಅಂಗಿ ಮಾರಲು ನಿಂತರೆ ಆತ ಬೇಡ ಅನ್ನಲಾರ. ನೈತಿಕವಾಗಿಯೂ ತಪ್ಪು, ಪರೀಕ್ಷೆಯೂ ಸುಳ್ಳಾಗುತ್ತದೆ. ಶಿಕ್ಷಕರು ವಿದ್ಯಾರ್ಥಿಗಳಿಗೆ, ಮೇಲಧಿಕಾರಿ ಕೈಕೆಳಗಿನವರಿಗೆ ಮಾರಿದರೂ ಇದೇ ಕಥೆ. ನಿಮ್ಮ ಮಾತಿಗೆ ಕಟ್ಟುಬೀಳದ ಜನರಲ್ಲಿ ಕೇಳಿ. ಉದ್ಯೋಗದ ಕರಾರಿನಲ್ಲಿ ಬೇರೆ ವ್ಯವಹಾರದ ಬಗ್ಗೆ ಏನಿದೆ ಎಂದೂ ಒಮ್ಮೆ ಓದಿಬಿಡಿ.

ಇನ್ನು, ಮೂರು ಪಟ್ಟಿಗಳೂ ಎಲ್ಲೂ ಕೂಡದೆ ಹೋಗಬಹುದು. ಹೆಚ್ಚಿನವರಿಗೆ ಮೊದಲ ತಿಂಗಳು ಹಾಗೇ ಆಗುತ್ತದೆ. ದೂರು ಗಟ್ಟಿಯಿದ್ದು ಕೈಕೆಲಸವಷ್ಟೇ ಇಲ್ಲದಿದ್ದರೆ, ಅದು ಬಲ್ಲ ಪಾಲುದಾರರನ್ನು ಹುಡುಕಬಹುದು. ಕೈಕೆಲಸ ಮಾತ್ರ ಇದ್ದು ದೂರು ಸಪ್ಪೆಯಾಗಿದ್ದರೆ, ನಿಮಗೆ ಪರಿಚಯವಿಲ್ಲದ ಕೆಲಸದವರ ಜೊತೆ ಕೆಲವು ದಿನ ಕುಳಿತು ಅವರ ಪಿನ್ನು, ದಾರ, ಮಡಚಿದ ಕಾಗದಗಳನ್ನು ಗಮನಿಸಿ. ಹಳಹಳಿಕೆ ಇಲ್ಲದಿದ್ದರೂ ಶುರು ಮಾಡಬಹುದು. ಆದರೆ ಆಗ ಎಷ್ಟು ತಿಂಗಳ ಖರ್ಚನ್ನು ನಷ್ಟವಾಗಿ ತಾಳಬಲ್ಲಿರಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಿ, ಆ ಗಡಿ ಬಂದಾಗ ನಿಲ್ಲಿಸಿ.