ಟ್ಯಾಕ್ಸಿ ಬಾಡಿಗೆ ಲೆಕ್ಕ: ಮೊದಲ ನಾಲ್ಕು ಕಿಲೋಮೀಟರ್ ಎಲ್ಲಿ ಹೋಯಿತು?

ಬೆಂಗಳೂರಿನ ಟ್ಯಾಕ್ಸಿ ದರವನ್ನೇ ಉದಾಹರಣೆಗೆ ತಗೊಳ್ಳೋಣ. 2024ರ ಜನವರಿಯ ಸರ್ಕಾರಿ ಆದೇಶದಂತೆ, 10 ಲಕ್ಷ ರೂಪಾಯಿವರೆಗಿನ ಕಾರಿಗೆ ಮೊದಲ 4 ಕಿ.ಮೀ.ಗೆ ಕನಿಷ್ಠ ಬಾಡಿಗೆ ₹100. ಆಮೇಲೆ ಕಿ.ಮೀ.ಗೆ ₹24. ಕಾಯುವ ಸಮಯದಲ್ಲಿ ಮೊದಲ 5 ನಿಮಿಷ ಉಚಿತ, ನಂತರ ನಿಮಿಷಕ್ಕೆ ₹1. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇ 10 ಜಾಸ್ತಿ.

ಈಗ ಲೆಕ್ಕ. ರಾತ್ರಿ 12:20ಕ್ಕೆ ಮೆಜೆಸ್ಟಿಕ್‌ನಲ್ಲಿ ರೈಲು ಇಳಿದು ಯಲಹಂಕಕ್ಕೆ ಹೊರಟಿದ್ದೀರಿ. ದೂರ 15 ಕಿ.ಮೀ. ಅಂತಿಟ್ಟುಕೊಳ್ಳಿ. ದಾರಿಯಲ್ಲಿ ಔಷಧಿ ಅಂಗಡಿ ಮುಂದೆ 17 ನಿಮಿಷ ಕಾರು ನಿಲ್ಲಿಸಿದ್ದೀರಿ.

₹100ರಲ್ಲಿ 4 ಕಿ.ಮೀ. ಆಗಲೇ ಸೇರಿಹೋಗಿದೆ. ಹಾಗಾಗಿ ₹24ರಿಂದ ಗುಣಿಸಬೇಕಾದ್ದು 15 ಅಲ್ಲ, 11. ನಾನೂ ಮೊದಲ ಸಲ ಇಲ್ಲೇ ಎಡವಿದ್ದೆ.

```
100 + 11 × 24 = 364
```

ಇನ್ನೊಂದು ರೀತಿ ನೋಡಿ. 4 ಕಿ.ಮೀ.ಗೆ ₹24ರಂತೆ ಹಾಕಿದರೆ 96 ಆಗುತ್ತದೆ. ಕನಿಷ್ಠ ಬಾಡಿಗೆ ಅದಕ್ಕಿಂತ ಬರೀ ₹4 ಹೆಚ್ಚು. ಅಂದರೆ ಪೂರ್ತಿ ದೂರವನ್ನು 24ರಿಂದ ಗುಣಿಸಿ 4 ಕೂಡಿಸಿದರೂ ಸಾಕು: 15 × 24 + 4 = 364. ಬಾಯಲ್ಲೇ ಲೆಕ್ಕ ಹಾಕಬಹುದು, ಅಲ್ವಾ? ಆದರೆ 4 ಕಿ.ಮೀ.ಗಿಂತ ಕಡಿಮೆ ದೂರಕ್ಕೆ ಈ ಉಪಾಯ ನಡೆಯಲ್ಲ. 3 ಕಿ.ಮೀ.ಗೆ ಇದು 76 ತೋರಿಸುತ್ತದೆ, ನೀವು ಕೊಡಬೇಕಾದ್ದು ಮಾತ್ರ 100.

ಕಾಯುವಿಕೆಯಲ್ಲೂ ಇದೇ ಕಥೆ. 17ರಲ್ಲಿ 5 ಕಳೆದರೆ 12 ನಿಮಿಷ, ಅಂದರೆ ₹12.

ರಾತ್ರಿಯ ಶೇ 10 ಯಾವ ಮೊತ್ತದ ಮೇಲೆ ಅನ್ನೋದನ್ನು ಮೊದಲೇ ಗುರುತು ಮಾಡಿಕೊಳ್ಳಿ. ನಾನಿಲ್ಲಿ ದೂರದ ಬಾಡಿಗೆಯ ಮೇಲಷ್ಟೇ ಹಾಕಿದ್ದೇನೆ: 364ಕ್ಕೆ ₹36.40.

```
364 + 36.40 + 12 = 412.40
```

ಆ್ಯಪ್‌ನಲ್ಲಿ ಬುಕ್ ಮಾಡಿದ್ದರೆ ಇದರ ಮೇಲೆ ಜಿಎಸ್‌ಟಿ ಬೇರೆ ಬರುತ್ತದೆ. ಅದನ್ನು ಇಲ್ಲಿ ಬಿಟ್ಟಿದ್ದೇನೆ.

ಈಗ ಸುಮ್ನೆ ಒಂದು ತಪ್ಪು ಲೆಕ್ಕ ಹಾಕಿ ನೋಡೋಣ. 100ಕ್ಕೆ 15 × 24 ಸೇರಿಸಿ, ಪೂರ್ತಿ 17 ನಿಮಿಷಕ್ಕೂ ದುಡ್ಡು ಹಿಡಿದು, ಎಲ್ಲದರ ಮೇಲೂ ಶೇ 10 ಹಾಕಿದರೆ ₹524.70 ಬರುತ್ತದೆ. ₹112.30 ಜಾಸ್ತಿ! ಇದು ಬಂದಿದ್ದೆಲ್ಲಿಂದ? ಎರಡು ಸಲ ಎಣಿಸಿದ 4 ಕಿ.ಮೀ.ಗೆ 96, ಉಚಿತ 5 ನಿಮಿಷಕ್ಕೆ 5. ಈ 101ರ ಮೇಲಿನ ಶೇ 10 ಅಂದರೆ 10.10. ಉಳಿದ 1.20, ಆ 12 ರೂಪಾಯಿ ಕಾಯುವಿಕೆಗೂ ರಾತ್ರಿ ದರ ಹಾಕಿದ್ದಕ್ಕೆ ಬಂದದ್ದು.