ಪಾರ್ಟ್ನರ್ ನಡುವೆ ತಡೆದು ತಿದ್ದಿದ್ರೆ ಬಾಯಿ ಕಟ್ಟುತ್ತೆ, ಸುಮ್ನಿದ್ರೆ ತಪ್ಪು ಉಳ್ಕೊಳ್ಳುತ್ತೆ, ಏನ್ ಮಾಡೋದು?

ಪ್ರಶ್ನೆ: ನಾನೂ ನನ್ ಫ್ರೆಂಡೂ ದಿನಾ ಅರ್ಧ ಗಂಟೆ ಫೋನಲ್ಲಿ ಇಂಗ್ಲಿಷ್ ಮಾತಾಡ್ತೀವಿ. ತಪ್ಪನ್ನ ಯಾವಾಗ ತಿದ್ಬೇಕು, ಹೇಗೆ ತಿದ್ಬೇಕು?

ಮಾತಾಡ್ವಾಗ ತಡೀಬೇಡಿ, ಸರಿಯಾದ್ದನ್ನ ವಾಪಸ್ ಕಿವಿಗೆ ಹಾಕಿ, ಕಾರಣನ ಕೊನೇಲಿ ಕನ್ನಡದಲ್ಲಿ ಹೇಳಿ. ನಮ್ ಅತ್ತಿಗೆ ಜೊತೆ ನಾನು ಮಾಡಿದ್ದು ಇದನ್ನೇ, ಅವರಿಗೆ ಮಗನ ಟೀಚರ್ ಹತ್ರ ಇಂಗ್ಲಿಷಲ್ಲಿ ಮಾತಾಡ್ಬೇಕಿತ್ತು.

ಒಂದಿನ ಅತ್ತಿಗೆ "ಯೆಸ್ಟರ್ಡೇ ಐ ಹ್ಯಾಡ್ ಗಾನ್ ಟು ಮೈಸೂರ್" ಅಂದ್ರು. ನಾನು ತಪ್ಪು ಅನ್ಲಿಲ್ಲ, "ಓ, ಯು ವೆಂಟ್ ಟು ಮೈಸೂರ್? ಹೌ ವಾಸ್ ಇಟ್?" ಅಂದೆ. ಅವರು ಖುಷಿಯಾಗಿ "ಐ ಹ್ಯಾಡ್ ಸೀನ್ ದ ಪ್ಯಾಲೇಸ್" ಅಂತ ಮುಂದುವರ್ಸಿದ್ರು. ಅಂದ್ರೆ ನನ್ 'ವೆಂಟ್' ಅವರ ಕಿವಿಗೆ ಬಿದ್ದೇ ಇರ್ಲಿಲ್ಲ! ಇದು ನಮ್ಮೊಬ್ರದ್ದೇ ಕಥೆ ಅಲ್ಲ, ಲಿಸ್ಟರ್ ಮತ್ತೆ ರಾಂಟಾ ಅನ್ನೋ ಇಬ್ರು ಕೆನಡಾದಲ್ಲಿ ಮಕ್ಕಳು ಫ್ರೆಂಚ್ ಕಲಿಯೋ ಕ್ಲಾಸ್‌ಗಳನ್ನ ನೋಡಿ 1997ರಲ್ಲಿ ಬರೆದ್ರು, ಟೀಚರ್‌ಗಳು ಜಾಸ್ತಿ ಬಳಸೋದು ಹೀಗೆ ಸರಿಮಾಡಿ ವಾಪಸ್ ಹೇಳೋದನ್ನೇ, ಆದ್ರೆ ಮಕ್ಕಳು ಅದನ್ನ ಹಿಡ್ಕೊಳ್ಳೋದು ಕಮ್ಮಿ ಅಂತ. ಅದಕ್ಕೇ ಕೊನೇಲಿ ಐದು ನಿಮಿಷ ಕನ್ನಡ ಬೇಕೇ ಬೇಕು.

ಆವತ್ತು ನಾನು ಚೀಟೀಲಿ ಬರ್ಕೊಂಡಿದ್ದು ಈ ಒಂದೇ ತಪ್ಪು. "ಅತ್ತಿಗೆ, ನೀವು ಮನಸಲ್ಲಿ 'ನಿನ್ನೆ ಮೈಸೂರಿಗೆ ಹೋಗಿದ್ದೆ' ಅಂದ್ಕೊಂಡ್ರಿ ಅಲ್ವಾ" ಅಂತ ಕೇಳ್ದೆ. ಹೌದು ಅಂದ್ರು. ತೊಂದ್ರೆ ಅಲ್ಲೇ ಇರೋದು. ನಾವು ಹೋಗಿ ಬಂದಿದ್ದಕ್ಕೆ 'ಹೋಗಿದ್ದೆ' ಅಂತೀವಿ, ಆ 'ಇದ್ದೆ'ನೇ ಬಾಯಲ್ಲಿ 'ಹ್ಯಾಡ್' ಆಗಿ ಬರುತ್ತೆ. ಇಂಗ್ಲಿಷಲ್ಲಿ ಮುಗಿದ ಕೆಲಸ ಒಂದೇ ಇದ್ರೆ 'ವೆಂಟ್' ಸಾಕು. 'ಹ್ಯಾಡ್' ಬರೋದು ನಡೆದಿದ್ದು ಎರಡಿದ್ದು, ಯಾವುದು ಮೊದಲು ಆಯ್ತು ಅಂತ ತೋರಿಸ್ಬೇಕಾದಾಗ: "ನಾನು ಸ್ಟೇಷನ್‌ಗೆ ಹೋಗೋಷ್ಟರಲ್ಲಿ ಟ್ರೇನ್ ಹೋಗ್ಬಿಟ್ಟಿತ್ತು", ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್. ಈ ಟ್ರೇನಿನ ಉದಾಹರಣೆ ಕೇಳಿದ್ಮೇಲೆ ಅತ್ತಿಗೆ "ಓ ಹಂಗಾ, ಹಾಗಾದ್ರೆ ನಂದು ಬರೀ ವೆಂಟ್" ಅಂದ್ರು.

ಆಮೇಲೆ ಅವರ ಕೈಲೇ ಮೂರು ವಾಕ್ಯ ಹೇಳಿಸ್ದೆ, ಅವರ ದಿನದ್ದೇ: ಐ ವೆಂಟ್ ಟು ದ ಬ್ಯಾಂಕ್, ಐ ಮೆಟ್ ಹಿಸ್ ಟೀಚರ್, ಐ ಕೇಮ್ ಹೋಮ್ ಲೇಟ್. ಒಂದಿನಕ್ಕೆ ಎರಡು ತಪ್ಪಿಗಿಂತ ಜಾಸ್ತಿ ತಿದ್ಬೇಡಿ, ಹತ್ತು ಹೇಳಿದ್ರೆ ಒಂದೂ ನಿಲ್ಲಲ್ಲ. ಅರ್ಥನೇ ಆಗ್ಲಿಲ್ಲ ಅಂದ್ರೆ ಮಾತ್ರ ನಡುವೆ ಕೇಳಿ. ಇಬ್ಬರಿಗೂ ಡೌಟ್ ಇದ್ರೆ ಊಹೆ ಮಾಡಿ ತಿದ್ದೋದು ಬೇಡ, ಬರೆದಿಟ್ಟು ಗೊತ್ತಿರೋರನ್ನ ಕೇಳಿ, ಯಾಕಂದ್ರೆ ತಪ್ಪು ವಿವರಣೆ ತಲೇಲಿ ಕೂತ್ರೆ ತೆಗೆಯೋದು ಬಹಳ ಕಷ್ಟ.

ಕೇಳಿದ ತಕ್ಷಣ ಸರಿಯಾಗಿ ಹೇಳಿದ್ರು ಅಂದ್ರೆ ಕಲಿತ್ರು ಅಂತಲ್ಲ. ಸುಮಾರು ಎರಡು ವಾರ ಆದ್ಮೇಲೆ ಅತ್ತಿಗೆ ಯಾವ್ದೋ ಮದುವೆ ವಿಷ್ಯ ಹೇಳ್ತಾ "ಐ ಹ್ಯಾಡ್..." ಅಂತ ಶುರು ಮಾಡಿ, ಅವರೇ ಒಂದ್ ಸೆಕೆಂಡ್ ನಿಂತು, "ಐ ವೆಂಟ್" ಅಂದ್ರು, ನಾನು ಆಗ ಚೀಟೀಲಿದ್ದ ಆ ಸಾಲು ಹೊಡೆದು ಹಾಕ್ದೆ.